ಭಾವನ ಆಲೆಮನೆ ಬೆಲ್ಲಕ್ಕೂ ‘ಜಾಹೀರಾತು’ ಅಂತ ಬರೆಯಬೇಕಾ?

ಪ್ರಶ್ನೆ: ನಾನು ಮಂಡ್ಯದವಳು. ಇನ್‌ಸ್ಟಾಗ್ರಾಂನಲ್ಲಿ ಅಡುಗೆ ರೀಲ್ಸ್ ಮಾಡುತ್ತೇನೆ. ನಮ್ಮ ಭಾವ ಆಲೆಮನೆ ಇಟ್ಟಿದ್ದಾರೆ. ಅವರ ಬೆಲ್ಲದ ಪುಡಿ ಬಗ್ಗೆ ಒಂದು ರೀಲ್ ಮಾಡಿಕೊಡು ಅಂತ 5,000 ರೂಪಾಯಿ, 10 ಕೆಜಿ ಬೆಲ್ಲ ಕೊಟ್ಟಿದ್ದಾರೆ. ನನ್ನ ಕೋಡ್ ಹಾಕಿ ಕೊಂಡರೆ ಕಮಿಷನ್ನೂ ಉಂಟು. ಕ್ಯಾಪ್ಷನ್ ಅವರೇ ಕಳಿಸಿದ್ದಾರೆ: “ನೂರಕ್ಕೆ ನೂರು ಆರ್ಗ್ಯಾನಿಕ್, ಕೆಮಿಕಲ್ ಇಲ್ಲದ ಮಂಡ್ಯ ಬೆಲ್ಲ. ಶುಗರ್ ಇರೋರೂ ಧೈರ್ಯವಾಗಿ ತಿನ್ನಿ. ರಕ್ತಹೀನತೆ ಮಾಯ!” ಮನೆಯವರದ್ದೇ ಅಲ್ವಾ, ಜಾಹೀರಾತು ಅಂತ ಹಾಕಬೇಕಾ? ಹಾಕಿದರೆ ಜನ ನೋಡಲ್ಲ ಅಂತಾರೆ ಭಾವ.

ಉತ್ತರ: ಹಾಕಲೇಬೇಕು. ಮನೆಯವರದ್ದು ಅನ್ನುವುದೇ ಹೇಳಬೇಕಾದ ಇನ್ನೊಂದು ವಿಷಯ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಇನ್‌ಫ್ಲುಯೆನ್ಸರ್‌ಗಳಿಗೆ ಅಂತಲೇ ಸೂಚನೆ ಹೊರಡಿಸಿದೆ. ಅದರ ಪ್ರಕಾರ ಹಣ ಮಾತ್ರ ಲೆಕ್ಕಕ್ಕಲ್ಲ. ಬಿಟ್ಟಿಯಾಗಿ ಬಂದ ಸಾಮಾನು, ರಿಯಾಯಿತಿ, ನೆಂಟಸ್ತಿಕೆ, ನೌಕರಿ, ಎಲ್ಲವೂ ನಿಮಗೂ ಮಾರುವವರಿಗೂ ಇರುವ ಸಂಬಂಧವೇ. ಭಾವ ಒಂದು ರೂಪಾಯಿ ಕೊಡದೆ ಬರೀ 10 ಕೆಜಿ ಬೆಲ್ಲ ಕೊಟ್ಟಿದ್ದರೂ ಹೇಳಬೇಕಿತ್ತು.

ಎಲ್ಲಿ ಬರೆಯುತ್ತೀರಿ ಅನ್ನುವುದೂ ಮುಖ್ಯ. ರೀಲ್ ಕೆಳಗೆ ಕ್ಯಾಪ್ಷನ್ನಿನ ಮೊದಲ ತುಣುಕು ಮಾತ್ರ ಕಾಣುತ್ತದೆ, ಉಳಿದದ್ದು ಒತ್ತಿದರೆ ಮಾತ್ರ ತೆರೆಯುತ್ತದೆ. ಕೊನೆಯಲ್ಲಿ ಹತ್ತು ಹ್ಯಾಶ್‌ಟ್ಯಾಗ್‌ಗಳ ನಡುವೆ #ad ಅಂತ ತುರುಕಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗೆ ಬೆರೆಸಿ ಬರೆಯಬೇಡಿ ಅಂತ ಸೂಚನೆಯಲ್ಲೇ ಇದೆ. ಆದ್ದರಿಂದ ಕ್ಯಾಪ್ಷನ್ನಿನ ಮೊದಲ ಪದವೇ ‘ಜಾಹೀರಾತು’ ಆಗಿರಲಿ. ಕನ್ನಡದಲ್ಲಿ ಮಾತಾಡುವ ರೀಲಿಗೆ ಕನ್ನಡದಲ್ಲೇ ಬರೆಯಿರಿ. ನಿಮ್ಮ ವಿಡಿಯೊ ನೋಡುವ ಅಜ್ಜಿಗೆ ‘ಕೊಲ್ಯಾಬ್’ ಅಂದರೆ ಏನು ತಿಳಿಯಬೇಕು ಹೇಳಿ. ಇನ್‌ಸ್ಟಾಗ್ರಾಂನದೇ ಪೇಯ್ಡ್ ಪಾರ್ಟ್‌ನರ್‌ಶಿಪ್ ಲೇಬಲ್ ಇದೆ, ಅದನ್ನೂ ಹಾಕಿ. ಆದರೆ ಅದೊಂದನ್ನೇ ನಂಬಿ ಕೂರಬೇಡಿ.

ಯಾಕೆ ಅಂತ ಹೇಳುತ್ತೇನೆ. ಮೈಸೂರಿನಲ್ಲಿರುವ ನನ್ನ ಚಿಕ್ಕಮ್ಮನಿಗೆ ಶುಗರ್ ಇದೆ. ಒಮ್ಮೆ ಹೋದಾಗ ದಿನಕ್ಕೆ ಮೂರು ಲೋಟ ಬೆಲ್ಲದ ಕಾಫಿ ಕುಡಿಯುತ್ತಿದ್ದರು. ಕೇಳಿದರೆ ವಾಟ್ಸಾಪ್‌ಗೆ ಬಂದ ವಿಡಿಯೊ ತೋರಿಸಿದರು. ಯಾರೋ ಹುಡುಗಿ, ಪಾಪ, ನಗುನಗುತ್ತಾ ‘ಬೆಲ್ಲ ಏನೂ ಮಾಡಲ್ಲ’ ಅನ್ನುತ್ತಿದ್ದಳು. ಅದು ದುಡ್ಡು ಪಡೆದು ಮಾಡಿದ ವಿಡಿಯೊನೋ ಅಲ್ಲವೋ ತಿಳಿಯುವ ದಾರಿಯೇ ಇರಲಿಲ್ಲ. ವಿಡಿಯೊ ಡೌನ್‌ಲೋಡ್ ಆಗಿ ಫಾರ್ವರ್ಡ್ ಆದ ಕೂಡಲೇ ಕ್ಯಾಪ್ಷನ್ ಉದುರಿಹೋಗುತ್ತದೆ, ಲೇಬಲ್ಲೂ ಉದುರಿಹೋಗುತ್ತದೆ. ಉಳಿಯುವುದು ಪರದೆ ಮೇಲೆ ಅಚ್ಚಾದ ಅಕ್ಷರ ಮತ್ತು ನಿಮ್ಮ ಬಾಯಿಯ ಮಾತು. ವಿಡಿಯೊದಲ್ಲಿ ಬರಹ, ಧ್ವನಿ ಎರಡರಲ್ಲೂ ಹೇಳಬೇಕು ಅಂತ ಇಲಾಖೆ ಹೇಳಿರುವುದು ನನಗೆ ಸರಿ ಅನಿಸುವುದು ಇದಕ್ಕೇ. ಜಾಹೀರಾತು ರಂಗದ ಸಂಸ್ಥೆ ಆಸ್ಕಿಯ ನಿಯಮದಲ್ಲಿ, 15 ಸೆಕೆಂಡಿಗಿಂತ ಉದ್ದ, 2 ನಿಮಿಷಕ್ಕಿಂತ ಕಡಿಮೆ ಇರುವ ವಿಡಿಯೊದಲ್ಲಿ ಮೂರನೇ ಒಂದು ಭಾಗದಷ್ಟು ಹೊತ್ತು ಲೇಬಲ್ ಕಾಣಬೇಕು. 45 ಸೆಕೆಂಡಿನ ರೀಲಿಗೆ 15 ಸೆಕೆಂಡ್. ನನ್ನ ಮಾತು ಕೇಳಿದರೆ ಪೂರ್ತಿ 45 ಸೆಕೆಂಡೂ ಮೇಲಿನ ಮೂಲೆಯಲ್ಲಿ ಇರಲಿ ಬಿಡಿ.

ಈಗ ಭಾವ ಕಳಿಸಿದ ಕ್ಯಾಪ್ಷನ್. ನನಗೆ ನಿಜವಾಗಿ ಭಯ ಆದದ್ದು ಅದನ್ನು ಓದಿ.

‘ಶುಗರ್ ಇರೋರೂ ತಿನ್ನಿ’ ಅನ್ನುವುದನ್ನು ಇವತ್ತೇ ಅಳಿಸಿ. ಬೆಲ್ಲದಲ್ಲಿ ಬಹುಪಾಲು ಇರುವುದು ಸುಕ್ರೋಸ್. ಸಕ್ಕರೆಯಲ್ಲಿರುವುದೂ ಅದೇ. ಎರಡೂ ಕಬ್ಬಿನ ಮಕ್ಕಳಲ್ವಾ? ಬೆಲ್ಲ ತಿಂದರೂ ರಕ್ತದಲ್ಲಿ ಸಕ್ಕರೆ ಏರುತ್ತದೆ. ‘ರಕ್ತಹೀನತೆ ಮಾಯ’ ಕೂಡ ಹೋಗಬೇಕು. ಆಹಾರ ಪದಾರ್ಥ ಕಾಯಿಲೆ ವಾಸಿ ಮಾಡುತ್ತದೆ ಅಂತ ಹೇಳುವುದಕ್ಕೆ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐನ 2018ರ ಜಾಹೀರಾತು ನಿಯಮಗಳಲ್ಲಿ ಅವಕಾಶವಿಲ್ಲ. ‘ನನಗೆ ಹಾಗೆ ಅನಿಸಿತು’ ಅಂತ ಸುತ್ತಿ ಹೇಳಿದರೂ ಕೇಳುವವರಿಗೆ ತಲುಪುವುದು ಅದೇ ಮಾತು.

‘ಆರ್ಗ್ಯಾನಿಕ್’ ಅನ್ನುವುದಕ್ಕೆ ಕಾಗದ ಬೇಕು. ಸಾವಯವ ಬೆಳೆಗೆ ಕೊಡುವ ಎನ್‌ಪಿಒಪಿ ಅಥವಾ ಪಿಜಿಎಸ್ ಇಂಡಿಯಾ ಪ್ರಮಾಣಪತ್ರ ಇದೆಯಾ ಅಂತ ಭಾವನನ್ನು ಕೇಳಿ. ಅವರ ಸ್ವಂತ ಗದ್ದೆಗೆ ಪ್ರಮಾಣಪತ್ರ ಇದ್ದರೂ, ಆಲೆಮನೆಗೆ ಅಕ್ಕಪಕ್ಕದ ರೈತರ ಕಬ್ಬೂ ಬರುತ್ತದೆಯಾ? ಬಂದರೆ ‘ನೂರಕ್ಕೆ ನೂರು’ ಅಲ್ಲಿಗೇ ಬಿದ್ದುಹೋಯಿತು.

‘ಕೆಮಿಕಲ್ ಇಲ್ಲದ’ ಅನ್ನುವುದು ಇನ್ನೂ ತೊಡಕು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುವಾಗ ಕೊಳೆ ತೆಗೆಯಲು ಸುಣ್ಣ ಹಾಕುತ್ತಾರೆ, ಕೆಲವರು ಬೆಂಡೆಯ ಲೋಳೆ ಹಾಕುತ್ತಾರೆ. ಸುಣ್ಣವೂ ಕೆಮಿಕಲ್ಲೇ. ಜನ ಹೆದರುವುದು ಸುಣ್ಣಕ್ಕಲ್ಲ, ಬೆಲ್ಲ ಹಳದಿಯಾಗಿ ಹೊಳೆಯಲಿ ಅಂತ ಹಾಕುವ ಹೈಡ್ರೋಸ್‌ಗೆ. ಹಾಗಾದರೆ ಅದನ್ನೇ ಹೇಳಿ: ‘ಹೈಡ್ರೋಸ್ ಹಾಕಿಲ್ಲ’. ಆದರೆ ಹೇಳುವ ಮುಂಚೆ ಒಂದು ದಿನ ಆಲೆಮನೆಯಲ್ಲಿ ನಿಂತು ನೋಡಿ. ಜೊತೆಗೆ ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬ್‌ನಲ್ಲಿ ಸಲ್ಫರ್ ಡೈಆಕ್ಸೈಡ್ ಪರೀಕ್ಷೆ ಮಾಡಿಸಿದ ವರದಿ ಕೇಳಿ. ಹೈಡ್ರೋಸ್ ಬಳಸಿದ್ದರೆ ಅದರ ಅಂಶ ಅಲ್ಲಿ ಸಿಗುತ್ತದೆ. ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಕಬ್ಬಿನ ತಳಿ, ಮಣ್ಣು, ಕಾಯಿಸಿದ ಹದಕ್ಕೂ ಬಣ್ಣ ಬದಲಾಗುತ್ತದೆ. ವರದಿ ಒಂದು ತಯಾರಿಗೆ ಮಾತ್ರ ಸಾಕ್ಷಿ. ಹೋದ ವರ್ಷದ ವರದಿ ಹಿಡಿದು ಈ ವರ್ಷದ ಬೆಲ್ಲಕ್ಕೆ ಮಾತು ಕೊಡಲು ಬರುವುದಿಲ್ಲ.

ಇಷ್ಟೆಲ್ಲ ಕೇಳಿದರೆ ಭಾವ ಬೇಜಾರಾಗಬಹುದು. ಆದರೂ ಕೇಳಿ, ವಾಟ್ಸಾಪ್‌ನಲ್ಲೇ ಕೇಳಿ, ಉತ್ತರ, ವರದಿ ಎಲ್ಲ ಇಟ್ಟುಕೊಳ್ಳಿ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮಾರುವವರಿಗಷ್ಟೇ ಅಲ್ಲ, ಪ್ರಚಾರ ಮಾಡಿದವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಮತ್ತೆ ಅದೇ ತಪ್ಪಾದರೆ 50 ಲಕ್ಷದವರೆಗೆ. ಒಂದು ವರ್ಷದವರೆಗೆ ಯಾವ ವಸ್ತುವಿಗೂ ಪ್ರಚಾರ ಮಾಡದಂತೆ ತಡೆಯಲೂಬಹುದು. ಆದರೆ ಹೇಳಿದ ಮಾತು ನಿಜವೇ ಅಂತ ಪ್ರಚಾರ ಮಾಡಿದವರು ಎಚ್ಚರಿಕೆಯಿಂದ ಪರಿಶೀಲಿಸಿದ್ದರೆ ಅವರು ಹೊಣೆಯಲ್ಲ ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಆ ಪರಿಶೀಲನೆಗೆ ಸಾಕ್ಷಿ ನಿಮ್ಮ ಈ ವಾಟ್ಸಾಪ್ ಮಾತುಕತೆಯೇ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

“ಜಾಹೀರಾತು. ನಮ್ಮ ಭಾವನ ಆಲೆಮನೆ ಬೆಲ್ಲ. ಈ ವಿಡಿಯೊಗೆ ಹಣ, ಬೆಲ್ಲ ಎರಡೂ ಕೊಟ್ಟಿದ್ದಾರೆ. ನನ್ನ ಕೋಡ್ ಬಳಸಿದರೆ ನನಗೆ ಕಮಿಷನ್ ಬರುತ್ತೆ. ಒಂದು ತಿಂಗಳಿಂದ ಇದರಲ್ಲೇ ಹೋಳಿಗೆ, ಪಾಯಸ ಮಾಡ್ತಿದ್ದೀನಿ. ಪುಡಿ ಗಂಟು ಕಟ್ಟಲ್ಲ, ಬೇಗ ಕರಗುತ್ತೆ. ಇದೂ ಸಿಹಿಯೇ, ಶುಗರ್ ಇರೋರು ಸಕ್ಕರೆ ಬದಲು ಬಳಸಬೇಡಿ.”

ಒಂದು ತಿಂಗಳು ಬಳಸಿದ್ದರೆ ಮಾತ್ರ ‘ಒಂದು ತಿಂಗಳು’ ಅನ್ನಿ. ನಾಲ್ಕು ದಿನ ಆಗಿದ್ದರೆ ನಾಲ್ಕೇ ದಿನ.

ಜನ ನೋಡಲ್ಲ ಅನ್ನುವ ಭಾವನ ಚಿಂತೆ ಅರ್ಥವಾಗುತ್ತದೆ. ಸ್ವಲ್ಪ ಜನ ದಾಟಿ ಹೋಗಬಹುದು. ಆದರೆ ಗಂಟು ಕಟ್ಟದ ಪುಡಿ ಬೇಕಾದವರು ನಿಂತು ನೋಡುತ್ತಾರೆ, ಕೊಳ್ಳುವವರೂ ಅವರೇ.

ರೀಲ್ ಹಾಕಿದ ಮೇಲೆ ಮೊದಲೆರಡು ದಿನ ಕಾಮೆಂಟ್ ನೋಡುತ್ತಿರಿ. ‘ಅಮ್ಮನಿಗೆ ಶುಗರ್ ಇದೆ, ಕೊಡಬಹುದಾ ಅಕ್ಕಾ?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಸುಮ್ನೆ ಒಂದು ಹಾರ್ಟ್ ಒತ್ತಿ ಮುಂದೆ ಹೋಗಬೇಡಿ. ‘ಬೇಡ, ಡಾಕ್ಟರ್ ಹತ್ತಿರ ಕೇಳಿ’ ಅಂತ ಬರೆದು, ಆ ಕಾಮೆಂಟನ್ನು ಮೇಲಕ್ಕೆ ಪಿನ್ ಮಾಡಿ.