ಪಕ್ಕೆಲುಬಿಗೆ ಪೆಟ್ಟು: ನೋವಿದ್ದರೂ ಆಳವಾಗಿ ಉಸಿರಾಡಬೇಕೇ?

ಮೆಟ್ಟಿಲಲ್ಲಿ ಜಾರಿ ಬಿದ್ದೆ. ಬಲಗಡೆ ಪಕ್ಕೆಲುಬು ಉಸಿರೆಳೆದರೆ ಚುಚ್ಚುತ್ತದೆ. ಬಟ್ಟೆ ಬಿಗಿಯಾಗಿ ಕಟ್ಟಿಕೊಂಡು ಮಲಗಿರಲೇ?

ಕಟ್ಟಬೇಡಿ. ಪೆಟ್ಟಾಗಿರಲಿ, ಬಿರುಕು ಬಿಟ್ಟಿರಲಿ, ಆರೈಕೆ ಹೆಚ್ಚುಕಡಿಮೆ ಒಂದೇ; ಸಣ್ಣ ಬಿರುಕು ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಮೂಳೆ ಸಾಮಾನ್ಯವಾಗಿ ಆರು ವಾರದಲ್ಲಿ ತಾನೇ ಕೂಡಿಕೊಳ್ಳುತ್ತದೆ. ನಿಜವಾದ ಅಪಾಯ ಶ್ವಾಸಕೋಶಕ್ಕೆ. ನೋವಿಗೆ ಹೆದರಿ ಮೇಲುಮೇಲೆ ಉಸಿರಾಡುತ್ತಾ, ಕೆಮ್ಮು ತಡೆಯುತ್ತಾ ಇದ್ದರೆ ಅದರ ತಳಭಾಗ ಪೂರ್ತಿ ಹಿಗ್ಗುವುದಿಲ್ಲ, ಕಫ ನಿಂತು ನ್ಯುಮೋನಿಯಾ ಆಗಬಹುದು. ಬಿಗಿಯಾದ ಪಟ್ಟಿಯೂ ಅದನ್ನೇ ಮಾಡುತ್ತದೆ.

ಆದ್ದರಿಂದ ಮೊದಲು ನೋವು ಇಳಿಸಿ. ಯಕೃತ್ತಿನ ತೊಂದರೆಯಿಲ್ಲದ, 50 ಕೆಜಿಗಿಂತ ಹೆಚ್ಚು ತೂಕದ ವಯಸ್ಕರು 500 ಮಿಗ್ರಾಂನ ಪ್ಯಾರಾಸಿಟಮಾಲ್ ಒಂದೋ ಎರಡೋ ಮಾತ್ರೆಯನ್ನು ಆರು ಗಂಟೆಗೊಮ್ಮೆ ತೆಗೆದುಕೊಳ್ಳಬಹುದು. ದಿನಕ್ಕೆ ಎಂಟನ್ನು ಮೀರಬಾರದು. ಮೊದಲ ಕೆಲವು ದಿನ ನೋವು ಏರುವವರೆಗೆ ಕಾಯದೆ ಹೊತ್ತಿಗೆ ಸರಿಯಾಗಿ ನುಂಗಿ. ಅಷ್ಟಾದರೂ ಆಳವಾಗಿ ಉಸಿರೆಳೆಯಲಾಗದಿದ್ದರೆ ವೈದ್ಯರಿಂದ ಬಲವಾದ ಔಷಧಿ ಕೇಳಿ, ಸಹಿಸಿಕೊಂಡು ಕೂರಬೇಡಿ.

ಮಾತ್ರೆ ನುಂಗಿ ಮುಕ್ಕಾಲು ಗಂಟೆಯ ನಂತರ ನೆಟ್ಟಗೆ ಕುಳಿತು, ಮೂಗಿನಿಂದ ನಿಧಾನವಾಗಿ ಉಸಿರೆಳೆದು, ಎರಡು ಮೂರು ಸೆಕೆಂಡ್ ಹಿಡಿದು ಬಿಡಿ. ಹೀಗೆ ಹತ್ತು ಸಲ, ಎಚ್ಚರವಿರುವಾಗ ಗಂಟೆಗೊಮ್ಮೆ. ಕೊನೆಗೆ ನೋವಿರುವ ಜಾಗಕ್ಕೆ ದಿಂಬು ಒತ್ತಿ ಹಿಡಿದು ಕೆಮ್ಮಿ. ತಲೆ ಸುತ್ತಿದರೆ ಸ್ವಲ್ಪ ನಿಲ್ಲಿಸಿ.

ಜ್ವರ ಅಥವಾ ಹಳದಿ-ಹಸಿರು ಕಫ ಬಂದರೆ ಅಂದೇ ವೈದ್ಯರಿಗೆ ತೋರಿಸಿ. ದಿಢೀರನೆ ಏದುಸಿರು, ಹೆಚ್ಚುತ್ತಿರುವ ಉಸಿರಾಟದ ತೊಂದರೆ, ಕಫದಲ್ಲಿ ರಕ್ತ, ಹೊಟ್ಟೆ ಅಥವಾ ಭುಜದ ನೋವು, ತಲೆ ಹಗುರಾಗಿ ಬೆವರುವುದು ಕಂಡರೆ ನೇರ ತುರ್ತು ಚಿಕಿತ್ಸೆಗೆ ಹೋಗಿ. ಬಲಗಡೆಯ ಕೆಳ ಪಕ್ಕೆಲುಬುಗಳ ಹಿಂದೆಯೇ ಯಕೃತ್ತಿದೆ. ಅದಕ್ಕೆ ಪೆಟ್ಟಾಗಿದ್ದರೆ ಒಳಗೇ ರಕ್ತ ಸೋರುತ್ತಿರಬಹುದು.