ತಿಂಗಳ 1ನೇ ತಾರೀಖು ಹುಟ್ಟಿದೋರ ರಿಟೈರ್ಮೆಂಟ್ ಡೇಟ್

ಪ್ರಶ್ನೆ: ನಮ್ಮಕ್ಕ ತುಮಕೂರಲ್ಲಿ ಸರ್ಕಾರಿ ಟೀಚರ್, ಡೇಟ್ ಆಫ್ ಬರ್ತ್ 1-7-1966, ರಿಟೈರ್ಮೆಂಟ್ ಜೂನ್ ಕೊನೆಗಾ ಜುಲೈ ಕೊನೆಗಾ?

ಜೂನ್ ಕೊನೆಗೇ, ಅಂದ್ರೆ 30-6-2026ರ ಮಧ್ಯಾಹ್ನದ ಮೇಲೆ. ರಾಜ್ಯ ಸರ್ಕಾರಿ ನೌಕರರಿಗೆ 60 ತುಂಬೋ ತಿಂಗಳ ಕೊನೇ ದಿನ ನಿವೃತ್ತಿ, ಆದ್ರೆ ಲೆಕ್ಕದಲ್ಲಿ ವಯಸ್ಸು ತುಂಬೋದು ಹುಟ್ಟಿದಬ್ಬದ ಹಿಂದಿನ ದಿನ, ಹಾಗಾಗಿ 1ನೇ ತಾರೀಖಿನೋರಿಗೆ ಹಿಂದಿನ ತಿಂಗಳಲ್ಲೇ 60 ಆಗ್ಬಿಡುತ್ತೆ. 2-7-1966 ಆಗಿದ್ರೆ 31-7-2026ರವರೆಗೆ ಕೆಲಸ ಇರೋದು, ಒಂದು ದಿನಕ್ಕೆ ಒಂದು ತಿಂಗಳ ಸಂಬಳ ಹೋಗುತ್ತೆ, ಬೇಜಾರೇ. 31-7-1966ರೋರಿಗೆ ಇಂಥ ತೊಂದ್ರೆ ಇಲ್ಲ, 30ಕ್ಕೆ 60 ತುಂಬಿದ್ರೂ ತಿಂಗಳು ಜುಲೈನೇ, ಅವ್ರೂ 31-7-2026ಕ್ಕೇ. ಪೆನ್ಷನ್ ಪೇಪರ್ ಕೊಡೋ ಮುಂಚೆ ಸರ್ವಿಸ್ ರಿಜಿಸ್ಟರ್ ಮೊದಲ ಪುಟದಲ್ಲಿರೋ ಡೇಟ್ ನೋಡ್ಸಿ, ಆಧಾರ್‌ದಲ್ಲ, ಲೆಕ್ಕ ಅದ್ರ ಮೇಲೇ.