‘ನನ್ನ ಮೂಳೆ ಇನ್ನೂ ಏಳನೇ ಕ್ಲಾಸಲ್ಲಿ’

ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಈ ಪ್ರಕರಣ ಬರೆಯುತ್ತಿದ್ದೇನೆ. ಶಿರಸಿ, ಕುಮಟಾ ಕಡೆಯಿಂದ ಬರುವ ಮನೆಗಳಲ್ಲಿ ಇದೇ ತಪ್ಪು ಮತ್ತೆ ಮತ್ತೆ ಆಗುತ್ತಿದೆ. ಮಗುವಿನ ಕೈಯ ಎಕ್ಸ್‌ರೇ ವರದಿಯಲ್ಲಿ ‘ಮೂಳೆ ವಯಸ್ಸು ಎರಡು ವರ್ಷ ಹಿಂದೆ’ ಎಂದು ಓದಿದ ಕೂಡಲೇ ಮನೆಯವರು ಅದನ್ನು ಕೆಟ್ಟ ಸುದ್ದಿ ಎಂದುಕೊಳ್ಳುತ್ತಾರೆ.

ಒಂಬತ್ತನೇ ಕ್ಲಾಸಿನ ಹುಡುಗ, 14 ವರ್ಷ, ಎತ್ತರ 142 ಸೆಂ.ಮೀ. ಪ್ರಾರ್ಥನೆಯ ಸಾಲಿನಲ್ಲಿ ಮುಂದೆ ನಿಲ್ಲುವವನು. ಊರಿನ ಯಕ್ಷಗಾನದಲ್ಲಿ ಮೂರು ವರ್ಷದಿಂದ ಬಾಲಗೋಪಾಲನ ವೇಷ. ಈ ವರ್ಷ ಬೇರೆ ವೇಷ ಕೇಳಿದ, ಕೊಡಲಿಲ್ಲ. ಆಮೇಲೆ ಶಾಲೆಗೆ ಹೋಗುವುದಿಲ್ಲ ಎಂದು ಹಟ ಮಾಡತೊಡಗಿದ. ನೆಂಟರೊಬ್ಬರು ಯಾರೋ ಜಿಮ್‌ನವರು ಕೊಡುವ ‘ಎತ್ತರದ ಇಂಜೆಕ್ಷನ್’ ಹಾಕಿಸಿ ಎಂದಿದ್ದರು. ಅದಕ್ಕಿಂತ ಮೊದಲೇ ಮಕ್ಕಳ ವೈದ್ಯರು ಥೈರಾಯ್ಡ್, ರಕ್ತಹೀನತೆ, ಗೋಧಿಯ ಅಲರ್ಜಿಯಂಥ ಸೀಲಿಯಾಕ್ ಕಾಯಿಲೆ, ಇವೆಲ್ಲ ಇಲ್ಲವೆಂದು ಪರೀಕ್ಷಿಸಿ ನೋಡಿದ್ದರು. ಹಿಂದಿನ ವರ್ಷ ಅವನು ನಾಲ್ಕೂವರೆ ಸೆಂ.ಮೀ. ಬೆಳೆದಿದ್ದ. ಹರೆಯದ ಮೊದಲ ಗುರುತು ಈಗಷ್ಟೇ ಕಾಣಿಸಿತ್ತು.

ಎಕ್ಸ್‌ರೇ ಎರಡು ಸಲ ತೆಗೆಸಬೇಕಾಯಿತು. ಮೊದಲ ಫಿಲ್ಮ್ ಬಲಗೈಯದು, ಮಣಿಕಟ್ಟಿನ ಮೇಲಕ್ಕೇ ಕತ್ತರಿಸಿತ್ತು. ಮೂಳೆಯ ಬೆಳವಣಿಗೆ ಯಾವ ವಯಸ್ಸಿನದು ಎಂದು ಹೋಲಿಸಿ ನೋಡುವ ಪಟಪುಸ್ತಕದಲ್ಲಿ ಇರುವುದೆಲ್ಲ ಎಡಗೈ ಚಿತ್ರಗಳೇ. ಆದ್ದರಿಂದ ಎಡ ಅಂಗೈಯನ್ನು ಫಲಕದ ಮೇಲೆ ಕವುಚಿ ಚಪ್ಪಟೆಯಾಗಿ ಇಟ್ಟು, ಬೆರಳುಗಳನ್ನು ಸ್ವಲ್ಪ ಬಿಡಿಸಿ, ನಡುಬೆರಳು ಮುಂಗೈಯ ನೇರಕ್ಕೆ ಬರುವಂತೆ ಹಿಡಿಸಬೇಕು. ಮುಂಗೈಯ ಎರಡೂ ಮೂಳೆಗಳ ತುದಿ ಚಿತ್ರದಲ್ಲಿ ಇರಲೇಬೇಕು, ಏಕೆಂದರೆ ಕೈಯಲ್ಲಿ ಎಲ್ಲಕ್ಕಿಂತ ಕೊನೆಗೆ ಕೂಡಿಕೊಳ್ಳುವುದು ಅಲ್ಲಿಯ ಮೂಳೆ. ಉಂಗುರ, ದಾರ ತೆಗೆದಿರಬೇಕು. ಕೈಗಾ ಹತ್ತಿರ ಇರುವ ನಮ್ಮ ಜಿಲ್ಲೆಯಲ್ಲಿ ವಿಕಿರಣ ಎಂದರೆ ಜನ ಹೆದರುತ್ತಾರೆ. ಆದರೆ ಈ ಒಂದು ಚಿತ್ರದ ಪ್ರಮಾಣ, ನಾವು ಸುಮ್ಮನೆ ಇದ್ದರೂ ಒಂದು ದಿನದಲ್ಲಿ ನೆಲ, ಗಾಳಿಯಿಂದ ಪಡೆಯುವುದಕ್ಕಿಂತಲೂ ಕಡಿಮೆ.

ಎರಡನೇ ವರದಿ ಬಂದದ್ದು ಹೀಗೆ: ಮೂಳೆ ವಯಸ್ಸು 12 ವರ್ಷ. ಅಪ್ಪ ಅದನ್ನು ಮೇಜಿನ ಮೇಲೆ ಇಟ್ಟರು. “ಮೇಡಂ, ಮೂಳೆಯೂ ಹಿಂದೆ ಬಿದ್ದಿದೆ ಹೇಳಿ ಬರೆದಿದ್ದಾರೆ. ಇನ್ನು ಬೆಳೆಯೂದಿಲ್ಲ ಅಲ್ವಾ?” ಆಯಿ ಮಾತಾಡಲಿಲ್ಲ. ಹುಡುಗ ತಲೆ ತಗ್ಗಿಸಿಯೇ ಹೇಳಿದ: “ಅಂದ್ರೆ ನನ್ನ ಮೂಳೆ ಇನ್ನೂ ಏಳನೇ ಕ್ಲಾಸಲ್ಲಿ.”

ಅವನು ಹೇಳಿದ್ದು ಸರಿ ಎಂದೆ. “ಏಳನೇ ಕ್ಲಾಸಿನವನಿಗೆ ಎಸ್‌ಎಸ್‌ಎಲ್‌ಸಿ ಮುಗಿಸಲು ಎಷ್ಟು ವರ್ಷ ಇದೆ? ಒಂಬತ್ತನೆಯವನಿಗೆ ಎಷ್ಟು?” ಎಂದು ಕೇಳಿದೆ. ಅವನು ಎಣಿಸಿ ತಲೆಯೆತ್ತಿದ. ಆ ದಿನದ ಉಳಿದ ಹೊತ್ತೆಲ್ಲ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವುದರಲ್ಲೇ ಕಳೆಯಿತು.

ಬೆರಳಿನ ಪ್ರತಿ ಮೂಳೆಯ ಒಂದು ತುದಿಯಲ್ಲಿ ಚಿಕ್ಕ ಟೊಪ್ಪಿಯಂಥ ತುಂಡು ಪ್ರತ್ಯೇಕ ಕಾಣುತ್ತದೆ. ಟೊಪ್ಪಿಗೂ ಮೂಳೆಗೂ ನಡುವೆ ಕಪ್ಪು ಗೆರೆ. ಅದು ಬಿರುಕಲ್ಲ, ಮೃದ್ವಸ್ಥಿ. ಎಕ್ಸ್‌ರೇಯಲ್ಲಿ ಮೃದ್ವಸ್ಥಿ ಕಾಣುವುದಿಲ್ಲವಾದ್ದರಿಂದ ಖಾಲಿ ಗೆರೆಯಂತೆ ಕಾಣುತ್ತದೆ. ಉದ್ದ ಬೆಳೆಯುವುದು ಅಲ್ಲಿಯೇ. ಗೆರೆ ಮುಚ್ಚಿ ಎರಡೂ ತುಂಡು ಒಂದಾದರೆ ಆ ಮೂಳೆಯ ಉದ್ದ ಅಲ್ಲಿಗೆ ಮುಗಿಯಿತು. ಈ ಹುಡುಗನ ಎಲ್ಲ ಬೆರಳಲ್ಲೂ ಗೆರೆ ಸ್ಪಷ್ಟವಾಗಿ ತೆರೆದಿತ್ತು. ಟೊಪ್ಪಿಗಳು ಮೂಳೆಯಷ್ಟೇ ಅಗಲಕ್ಕೆ ಬಂದಿದ್ದವು, ಅಂಚು ಬಾಗಿ ಕವುಚಿಕೊಳ್ಳಲು ಇನ್ನೂ ಶುರುವಾಗಿರಲಿಲ್ಲ. ಹೆಬ್ಬೆರಳಿನ ಬುಡದಲ್ಲಿ, ಹುಡುಗರಲ್ಲಿ ಸುಮಾರು 13ರ ಹೊತ್ತಿಗೆ ಮೂಡುವ ಕಡಲೆಕಾಳಿನಂಥ ಚಿಕ್ಕ ಮೂಳೆಯೂ ಇರಲಿಲ್ಲ. ಇಂಥ ಗುರುತುಗಳನ್ನು ಪಟಪುಸ್ತಕದ ಚಿತ್ರಗಳ ಜೊತೆ ಹೋಲಿಸಿಯೇ ರೇಡಿಯಾಲಜಿಸ್ಟ್ 12 ಎಂದದ್ದು. ಈ ವಯಸ್ಸಿನಲ್ಲಿ ಮಣಿಕಟ್ಟಿನ ಪುಟ್ಟ ಮೂಳೆಗಳಿಗಿಂತ ಬೆರಳಿನ ಮೂಳೆಗಳೇ ನಂಬಿಕೆಗೆ ಅರ್ಹ.

ಇನ್ನು ಲೆಕ್ಕ. ಬೇಲಿ ಮತ್ತು ಪಿನ್ನೋ ಎಂಬವರು 1952ರಲ್ಲಿ ಪ್ರಕಟಿಸಿದ ಕೋಷ್ಟಕ ಇಂದಿಗೂ ಬಳಕೆಯಲ್ಲಿದೆ. ಇಷ್ಟು ಮೂಳೆ ವಯಸ್ಸಿನ ಮಗು ತನ್ನ ಕೊನೆಯ ಎತ್ತರದ ಶೇಕಡಾ ಎಷ್ಟನ್ನು ಮುಟ್ಟಿರುತ್ತದೆ ಎಂದು ಅದು ತೋರಿಸುತ್ತದೆ. ಮೂಳೆ ಒಂದು ವರ್ಷಕ್ಕಿಂತ ಹೆಚ್ಚು ಹಿಂದಿರುವ ಹುಡುಗರಿಗೆ ಅದರಲ್ಲಿ ಬೇರೆಯೇ ಪಟ್ಟಿ ಇದೆ. ಅದರ ಪ್ರಕಾರ ಇವನು ಸುಮಾರು ಶೇ. 84 ಮುಟ್ಟಿದ್ದಾನೆ. 142ನ್ನು 0.84ರಿಂದ ಭಾಗಿಸಿದರೆ 169 ಸೆಂ.ಮೀ. ಇದೇ 142 ಸೆಂ.ಮೀ. ಎತ್ತರದ ಇನ್ನೊಬ್ಬ ಹುಡುಗನ ಮೂಳೆ ವಯಸ್ಸೂ 14 ಆಗಿದ್ದರೆ? ಅವನು ಆಗಲೇ ಶೇ. 93ರಷ್ಟು ಮುಗಿಸಿರುತ್ತಾನೆ, ಕೊನೆಗೆ 153ರ ಆಸುಪಾಸಿಗೆ ನಿಲ್ಲುತ್ತಾನೆ. ಗಿಡ್ಡ ಮಗುವಿಗೆ ‘ಮೂಳೆ ವಯಸ್ಸಿಗೆ ಸರಿಯಾಗಿದೆ’ ಎಂಬ ವರದಿ ಬಂದಾಗ ಮನೆಯವರು ನೆಮ್ಮದಿಯ ಉಸಿರು ಬಿಡುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಕಡಿಮೆ ಜಾಗ ಉಳಿದಿರುವುದು ಆ ಮಗುವಿಗೆ.

ಅಪ್ಪ-ಅಮ್ಮನ ಎತ್ತರದ ಜೊತೆ ತಾಳೆ ನೋಡದೆ ಈ ಅಂಕಿಯನ್ನು ಹೇಳಬಾರದು. ಅಪ್ಪ 168, ಆಯಿ 154. ಗಂಡುಮಗುವಾದ್ದರಿಂದ 13 ಸೇರಿಸಿ ಎರಡರಿಂದ ಭಾಗಿಸಿದರೆ 167.5. ಎರಡೂ ಹತ್ತಿರ ಬಂದವು. ಆಗ ಆಯಿ ನೆನಪಿಸಿಕೊಂಡರು: “ಇವರೂ ಪಿಯುಸಿಗೆ ಹೋದ ಮೇಲೇ ಬೆಳೆದದ್ದು. ಅತ್ತೆ ಹೇಳ್ತಿದ್ರು, ವರ್ಷಕ್ಕೆ ಎರಡು ಸಲ ಪ್ಯಾಂಟು ಗಿಡ್ಡ ಆಗ್ತಿತ್ತು ಹೇಳಿ.” ತಡವಾಗಿ ಬೆಳೆಯುವುದು ಮನೆತನದಲ್ಲೇ ಇತ್ತು.

ಅಪ್ಪ ‘169’ ಎಂದು ಬರೆದುಕೊಡಿ ಎಂದರು. ನಾನು ಬರೆದುಕೊಡಲಿಲ್ಲ. ಒಂದೇ ಚಿತ್ರವನ್ನು ಇಬ್ಬರು ಓದಿದರೆ ಆರು ತಿಂಗಳು ಆಚೀಚೆ ಆಗುವುದು ಸಾಮಾನ್ಯ. ಪಟಪುಸ್ತಕದ ಚಿತ್ರಗಳು ಅಮೆರಿಕದ ಮಕ್ಕಳವು. ಮೂಳೆ ಬಹಳ ಹಿಂದಿರುವ ಹುಡುಗರಿಗೆ ಈ ಲೆಕ್ಕ ಸ್ವಲ್ಪ ಹೆಚ್ಚೇ ಹೇಳಿಬಿಡುತ್ತದೆ. 164ರಿಂದ 172ರ ಒಳಗೆ ಎಂದು ಹುಡುಗನ ಎದುರೇ ಹೇಳಿದೆ. ಮಕ್ಕಳೆದುರು ಅಂಕಿ ಹೇಳಬಾರದು ಎನ್ನುವವರಿದ್ದಾರೆ. ಅವನ ಕೈಯ ಚಿತ್ರವನ್ನು ಅವನಿಂದಲೇ ಮುಚ್ಚಿಟ್ಟರೆ ಅವನು ಇನ್ನೂ ಕೆಟ್ಟದ್ದನ್ನೇ ಊಹಿಸಿಕೊಳ್ಳುತ್ತಾನೆ ಎಂಬುದು ನನ್ನ ನಂಬಿಕೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಯಿತು. ಮೂಳೆ ಹಿಂದಿದೆ ಎಂಬುದೊಂದರಿಂದಲೇ ಮಗು ಆರೋಗ್ಯವಾಗಿದೆ ಎಂದಾಗದು. ಥೈರಾಯ್ಡ್ ಕೊರತೆ, ಬೆಳವಣಿಗೆಯ ಹಾರ್ಮೋನಿನ ಕೊರತೆ, ಅಪೌಷ್ಟಿಕತೆಗಳಲ್ಲೂ ಮೂಳೆ ಹಿಂದೆ ಉಳಿಯುತ್ತದೆ. ಅಲ್ಲಿ ಈ ಕೋಷ್ಟಕ ನಂಬುವಂತಿಲ್ಲ. ಇವನ ರಕ್ತಪರೀಕ್ಷೆಗಳು ಸರಿಯಾಗಿದ್ದು, ವರ್ಷದ ಬೆಳವಣಿಗೆ ನಿಲ್ಲದೆ ಇದ್ದುದರಿಂದ ಮಾತ್ರ ನಾನು ಧೈರ್ಯವಾಗಿ ಮಾತಾಡಿದೆ. ಜಿಮ್‌ನ ಇಂಜೆಕ್ಷನ್ ಬೇಡವೇ ಬೇಡ ಎಂದದ್ದೂ ಇದೇ ಫಿಲ್ಮ್ ತೋರಿಸಿ. ಲೆಕ್ಕವಿಲ್ಲದೆ ಕೊಡುವ ಗಂಡು ಹಾರ್ಮೋನ್ ಮೊದಲು ಸರಸರ ಉದ್ದ ಮಾಡಿ, ಆ ಕಪ್ಪು ಗೆರೆಗಳನ್ನು ಬೇಗ ಮುಚ್ಚಿಸುತ್ತದೆ. ಹರೆಯ ತೀರಾ ತಡವಾದವರಿಗೆ ಹಾರ್ಮೋನ್ ತಜ್ಞರು ಸಣ್ಣ ಪ್ರಮಾಣದಲ್ಲಿ, ಕೆಲವೇ ತಿಂಗಳು ಕೊಡುವುದು ಬೇರೆ ವಿಷಯ. ಇವನಿಗೆ ಅದೂ ಬೇಕಾಗಲಿಲ್ಲ.

ಆರು ತಿಂಗಳಿಗೊಮ್ಮೆ, ಬೆಳಿಗ್ಗೆಯೇ, ಬರಿಗಾಲಲ್ಲಿ, ಹಿಮ್ಮಡಿ ಗೋಡೆಗೆ ತಾಗಿಸಿ, ತಲೆಯ ಮೇಲೆ ಪುಸ್ತಕವನ್ನು ಗೋಡೆಗೆ ಒತ್ತಿ ಹಿಡಿದು ಅಳೆಯಲು ಹೇಳಿದೆ. ಸಂಜೆ ಅಳೆದರೆ ಒಂದು ಸೆಂ.ಮೀ.ವರೆಗೆ ಕಡಿಮೆ ಬರಬಹುದು. ವರ್ಷಕ್ಕೆ ನಾಲ್ಕು ಸೆಂ.ಮೀ.ಗಿಂತ ಕಡಿಮೆಯಾದರೆ ವೈದ್ಯರ ಬಳಿ ತಡಮಾಡದೆ ಹೋಗಬೇಕು. ಮುಂದಿನ ಎಕ್ಸ್‌ರೇ ಒಂದು ವರ್ಷದ ಮೇಲೆ, ಸಾಧ್ಯವಾದರೆ ಅದೇ ರೇಡಿಯಾಲಜಿಸ್ಟ್ ಬಳಿ, ಹಳೆಯ ಫಿಲ್ಮ್ ಜೊತೆಗೆ ಒಯ್ದು. ಹೊರಡುವಾಗ ಹುಡುಗ ಫಿಲ್ಮನ್ನು ಲಕೋಟೆಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡ. ಯಕ್ಷಗಾನದ ಭಾಗವತರಿಗೆ ತೋರಿಸಬೇಕಂತೆ.